ಶಾಸಕರೇ, ನಮ್ಮ 21 ದಿನದ ಎಣಿಕೆ ಶುರುವಾಗೋದು ಯಾವತ್ತು?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ಈ ಪತ್ರ ಒಂದು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಬಗ್ಗೆ. ಅದು ಸಿಕ್ಕಾಗಿದೆ, ಅದನ್ನು ಕೊಡಿಸಿ ಅಂತ ನಾನು ಕೇಳುತ್ತಿಲ್ಲ. ಸಿಗೋಕೆ ಹಿಡಿದ ದಿನಗಳ ಲೆಕ್ಕ ಎಲ್ಲಿ ಕಾಣೆಯಾಯಿತು ಅನ್ನೋದನ್ನು ನಿಮಗೆ ತೋರಿಸಬೇಕು. ಅದನ್ನು ಸರಿಪಡಿಸುವ ಜಾಗ ವಿಧಾನಸಭೆ, ಅಲ್ಲಿ ಕೂರುವವರು ನೀವು.

ಮಗಳ ವಿದ್ಯಾರ್ಥಿವೇತನಕ್ಕೆ ಆ ಪ್ರಮಾಣಪತ್ರ ಬೇಕಿತ್ತು. ಅರ್ಜಿ, ಆಧಾರ್, ಪಡಿತರ ಚೀಟಿಯ ಜೆರಾಕ್ಸ್ ಎಲ್ಲ ಸೇರಿಸಿ ಕಚೇರಿಯಲ್ಲಿ ಕೊಟ್ಟೆ. "ಸರ್ವರ್ ಇಲ್ಲ, ಇಟ್ಟು ಹೋಗಿ, ಎಂಟ್ರಿ ಮಾಡ್ತೀವಿ" ಅಂದರು. ಇಟ್ಟು ಬಂದೆ. ಒಂಬತ್ತು ದಿನ ಆದ ಮೇಲೆ ಮೊಬೈಲಿಗೆ ಮೆಸೇಜ್ ಬಂತು, ಅದರಲ್ಲಿ ಅರ್ಜಿ ಗುರುತಿಸುವ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ ಇತ್ತು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ನಮ್ಮ ರಾಜ್ಯದ ಸಕಾಲ ಕಾಯ್ದೆಯಲ್ಲಿ ಈ ಸೇವೆಗೆ 21 ದಿನ. ಆ ಎಣಿಕೆ ಶುರುವಾಗಿದ್ದು ಮೆಸೇಜ್ ಬಂದ ದಿನದಿಂದ, ನಾನು ಕಾಗದ ಕೊಟ್ಟ ದಿನದಿಂದಲ್ಲ.

ಇಪ್ಪತ್ತನೇ ದಿನ ಅರ್ಜಿ ತಿರಸ್ಕಾರವಾಯಿತು. ಕಾರಣ ಏನು ಗೊತ್ತಾ? ಆಧಾರ್‌ನಲ್ಲಿರುವ ನನ್ನ ಹೆಸರಿಗೂ ಪಡಿತರ ಚೀಟಿಯಲ್ಲಿರುವ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ. ಮೊದಲ ದಿನವೇ ಕಣ್ಣಿಗೆ ಬೀಳುವಂಥದ್ದು. ಹೋಗಿ ಕೇಳಿದರೆ, "ಮೇಲ್ಮನವಿ ಗಿಲ್ಮನವಿ ಯಾಕೆ, ಅಫಿಡವಿಟ್ ಇಟ್ಟು ಹೊಸದಾಗಿ ಹಾಕಿ, ಬೇಗ ಆಗುತ್ತೆ" ಅಂದರು. ಎರಡು ದಿನದಲ್ಲಿ ಹೊಸ ಅರ್ಜಿ ಹಾಕಿದೆ. ಹದಿನೆಂಟನೇ ದಿನ ಪ್ರಮಾಣಪತ್ರ ಬಂತು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನ ಮುಗಿದಿತ್ತು.

ಈಗ ಲೆಕ್ಕ ಹಾಕಿ. ಒಂಬತ್ತು, ಇಪ್ಪತ್ತು, ಎರಡು, ಹದಿನೆಂಟು. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ 49 ದಿನ. ಸರ್ಕಾರದ ಕಂಪ್ಯೂಟರಿನಲ್ಲಿ ಎರಡು ಅರ್ಜಿ, ಎರಡೂ ಗಡುವಿನೊಳಗೆ ವಿಲೇವಾರಿ. ತಡವಾದ ದಿನ ಸೊನ್ನೆ. ಪ್ರಮಾಣಪತ್ರ ಕೊಡುವುದೂ ವಿಲೇವಾರಿ, ಅರ್ಜಿ ತಿರಸ್ಕರಿಸುವುದೂ ವಿಲೇವಾರಿ ಆಗಿರುವುದರಿಂದ, ಮೇಲಿನ ಅಧಿಕಾರಿಗಳ ವರದಿಯಲ್ಲಿ ಈ ಕಚೇರಿ ಚೆನ್ನಾಗಿಯೇ ಕಾಣುತ್ತದೆ.

ಸಿಟ್ಟಿನಲ್ಲಿ ದೂರು ಪೋರ್ಟಲ್‌ಗೂ ಬರೆದೆ. ದೂರು ಸುತ್ತಿ ಸುತ್ತಿ ಅದೇ ಕಚೇರಿಗೆ ಹೋಯಿತು. ಉತ್ತರ ಬರೆದವರೂ ಅವರೇ: "ಅರ್ಜಿ ನಿಗದಿತ ಅವಧಿಯಲ್ಲಿ ವಿಲೇವಾರಿಯಾಗಿದೆ, ದೂರು ಮುಕ್ತಾಯ."

ಆಮೇಲೆ ನಾನು ಕೂತು ಕಾನೂನು ಓದಿದೆ. ಸರ್ಕಾರ ನಮಗೆ ಕೊಡುವ "ಇಷ್ಟು ದಿನದಲ್ಲಿ ಮಾಡಿಕೊಡುತ್ತೇವೆ" ಅನ್ನುವ ಮಾತಿನಲ್ಲಿ ಬೇರೆ ಬೇರೆ ತೂಕ ಇದೆ ಅಂತ ಆಗ ಅರ್ಥವಾಯಿತು. ಕಚೇರಿ ಗೋಡೆಯ ಮೇಲಿನ ನಾಗರಿಕ ಸನ್ನದು 1997ರ ಮುಖ್ಯಮಂತ್ರಿಗಳ ಸಮ್ಮೇಳನದ ನಂತರ ದೇಶದಲ್ಲಿ ಬಂದದ್ದು. ಅದು ಇಲಾಖೆ ತನಗೆ ತಾನೇ ಹಾಕಿಕೊಂಡ ಗುರಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ತಮ್ಮ ಕೆಲಸದ ಮಾನದಂಡಗಳನ್ನು ಪ್ರಕಟಿಸಲೇಬೇಕು. ಆದರೆ ಪ್ರಕಟಿಸಿದ್ದನ್ನು ಪಾಲಿಸದಿದ್ದರೆ ದಂಡ ಅಂತ ಆ ಸೆಕ್ಷನ್‌ನಲ್ಲಿಲ್ಲ. ಬೋರ್ಡಿನ ಫೋಟೋ ತೆಗೆದುಕೊಂಡು ಕೋರ್ಟಿಗೆ ಹೋದರೆ ನಮ್ಮ ಕೈ ತೀರಾ ಬಲವಾಗಿರೋದಿಲ್ಲ. ದೂರು ಪೋರ್ಟಲ್‌ನ ದಿನಗಳೂ ಹಾಗೇ. ಕೇಂದ್ರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ 2024ರಿಂದ 21 ದಿನ ಅಂತ ಇದೆ. ಅದು ಮಾರ್ಗಸೂಚಿ, ಕಾಯ್ದೆ ಅಲ್ಲ. ಇವೆರಡಕ್ಕೂ ಕಾನೂನಿನ ಬಲ ಕೊಡುವ ಮಸೂದೆ 2011ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. 2014ರಲ್ಲಿ ಸದನದ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು.

ನಮ್ಮ ಸಕಾಲ ಹಾಗಲ್ಲ. ಅದು 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿ ಅರ್ಜಿದಾರನಿಗೆ ಸಿಗಬೇಕು, ಅದು ತಪ್ಪು ಮಾಡಿದ ಅಧಿಕಾರಿಯ ಸಂಬಳದಿಂದ ಕಡಿತವಾಗಬೇಕು. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಗಡುವು ಮೀರಿದರೆ ಅಥವಾ ತಿರಸ್ಕಾರವಾದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು, ಅಲ್ಲೂ ಆಗದಿದ್ದರೆ ಇನ್ನೊಂದು ಮೆಟ್ಟಿಲು ಇದೆ. ಇದು ಒಳ್ಳೆಯ ಕಾಯ್ದೆ, ಮನಸಾರೆ ಹೇಳುತ್ತೇನೆ. ಅದಕ್ಕೇ ಅದರ ತೂತುಗಳು ನನಗೆ ನೋವು ಕೊಡುತ್ತವೆ.

ಮೊದಲನೆಯದು ಎಣಿಕೆ. ಈ ಹಕ್ಕೆಲ್ಲ ಆ ಹದಿನೈದು ಅಂಕಿಗೆ ಕಟ್ಟಿಕೊಂಡಿದೆ. ಸಂಖ್ಯೆ ಕೊಡದೆ ಅರ್ಜಿ ಇಟ್ಟುಕೊಂಡರೆ ಕಾನೂನಿನ ಕಣ್ಣಿಗೆ ಆ ಅರ್ಜಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಸರ್ವರ್ ಇಲ್ಲದಿದ್ದರೆ ದಿನಾಂಕ, ಸಹಿ, ಮೊಹರು ಇರುವ ಕೈಬರಹದ ರಸೀದಿ ಕೊಡಲಿ. ಎಂಟ್ರಿ ಯಾವತ್ತೇ ಆಗಲಿ, ಎಣಿಕೆ ಆ ದಿನಾಂಕದಿಂದಲೇ ಆಗಲಿ.

ಎರಡನೆಯದು ತಿರಸ್ಕಾರ. ದಾಖಲೆ ಕಡಿಮೆ ಇದ್ದರೆ ಮೊದಲ ಐದು ದಿನದಲ್ಲಿ ಒಂದೇ ಸಲ ಎಲ್ಲವನ್ನೂ ಹೇಳಬೇಕು, ಆ ಮೇಲೆ ಹೊಸ ಕೊರತೆ ಹುಡುಕಿ ತಿರಸ್ಕರಿಸುವಂತಿಲ್ಲ ಅಂತ ನಿಯಮ ಬರಲಿ. ಸರಿಪಡಿಸಿ ಕೊಟ್ಟದ್ದಕ್ಕೆ ಹಳೆಯ ಸಂಖ್ಯೆಯೇ ಮುಂದುವರಿಯಲಿ. ನಾನು ಮಾಡಿದ ತಪ್ಪೂ ಇಲ್ಲೇ ಇದೆ. ಹೊಸ ಅರ್ಜಿ ಹಾಕಿದಾಗ ಹೊಸ 21 ದಿನವನ್ನು ನಾನೇ ಕಚೇರಿಗೆ ಕೊಟ್ಟ ಹಾಗಾಯಿತು. ಮೇಲ್ಮನವಿ ಹಾಕಿದ್ದರೆ ಆ ತಿರಸ್ಕಾರ ಸರಿಯೋ ತಪ್ಪೋ ಅಂತ ಇನ್ನೊಬ್ಬ ಅಧಿಕಾರಿ ನೋಡಬೇಕಾಗುತ್ತಿತ್ತು. ಇದನ್ನು ಓದುವವರು ದಯವಿಟ್ಟು ಆ 30 ದಿನ ಕಳೆದುಕೊಳ್ಳಬೇಡಿ.

ಮೂರನೆಯದು ಆ 20 ರೂಪಾಯಿ. ಒಂದು ಅರ್ಜಿಗೆ ಹೆಚ್ಚೆಂದರೆ 500 ರೂಪಾಯಿ. ಅಂದರೆ 25 ದಿನಕ್ಕೆ ಮುಗಿಯಿತು. ಇಪ್ಪತ್ತಾರನೇ ದಿನದಿಂದ ಇನ್ನೊಂದು ವರ್ಷ ತಡಮಾಡಿದರೂ ಒಂದು ರೂಪಾಯಿ ಜಾಸ್ತಿ ಇಲ್ಲ. ನನ್ನ 49 ದಿನವನ್ನು ಒಂದೇ ಅರ್ಜಿ ಅಂತ ಎಣಿಸಿದ್ದರೆ 28 ದಿನ ತಡ, 560 ರೂಪಾಯಿ ಆಗುತ್ತಿತ್ತು, 500ಕ್ಕೇ ನಿಲ್ಲುತ್ತಿತ್ತು. ಮಾಹಿತಿ ಹಕ್ಕಿನಲ್ಲಿ ದಂಡ ದಿನಕ್ಕೆ 250, ಮಿತಿ 25,000. ಆ ದಂಡ ಅರ್ಜಿದಾರನಿಗೆ ಬರೋದಿಲ್ಲ ನಿಜ, ಆದರೆ ಅಧಿಕಾರಿ ಅದಕ್ಕೆ ಹೆದರುತ್ತಾರೆ. ಇಲ್ಲಿ ಹಣ ನಮಗೇ ಬರಬೇಕು, ಆದರೆ ನಾವೇ ಹೋಗಿ ಕೇಳಬೇಕು. ನಾಳೆ ಮತ್ತೆ ಅದೇ ಕಚೇರಿಯ ಬಾಗಿಲಿಗೆ ಹೋಗಬೇಕಾದ ಮನುಷ್ಯ 40 ರೂಪಾಯಿಗೋಸ್ಕರ ಅಲ್ಲಿಯ ಅಧಿಕಾರಿಯ ಸಂಬಳಕ್ಕೆ ಕೈ ಹಾಕುತ್ತಾನಾ? ತಡವಾದದ್ದು ಕಂಪ್ಯೂಟರಿಗೆ ಗೊತ್ತೇ ಇರುತ್ತೆ ಅಲ್ವಾ. ಕೇಳದೆಯೇ ಬ್ಯಾಂಕ್ ಖಾತೆಗೆ ಬರಲಿ.

ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಅಂತ ನನ್ನ ಕೋರಿಕೆ. ಕಳೆದ ವರ್ಷ ನಮ್ಮ ತಾಲ್ಲೂಕಿನಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಎಷ್ಟು ಅರ್ಜಿ ತಿರಸ್ಕಾರವಾದವು? ಅವುಗಳಲ್ಲಿ ಗಡುವಿನ ಕೊನೆಯ ಮೂರು ದಿನದಲ್ಲಿ ತಿರಸ್ಕರಿಸಿದ್ದು ಎಷ್ಟು? ಅದೇ ವ್ಯಕ್ತಿ ಒಂದು ತಿಂಗಳೊಳಗೆ ಮತ್ತೆ ಅರ್ಜಿ ಹಾಕಿದ್ದು ಎಷ್ಟು? ಎಷ್ಟು ಜನರಿಗೆ ಪರಿಹಾರ ಕೊಟ್ಟಿದ್ದಾರೆ? ಈ ನಾಲ್ಕು ಅಂಕಿ ಸದನದಲ್ಲಿ ಬಂದರೆ, ನನ್ನ ಮನೆಯಲ್ಲಿ ಆದದ್ದು ಒಂಟಿ ಕಥೆಯೋ ಎಲ್ಲರ ಕಥೆಯೋ ಅಂತ ನಿಮಗೇ ಗೊತ್ತಾಗುತ್ತದೆ.

ಎರಡೂ ಅರ್ಜಿಗಳ ಸ್ವೀಕೃತಿ, ತಿರಸ್ಕಾರದ ಮೆಸೇಜಿನ ಪ್ರಿಂಟ್, ದೂರು ಪೋರ್ಟಲ್‌ನ ಉತ್ತರ ಎಲ್ಲ ನನ್ನ ಹತ್ತಿರ ಇವೆ. ನೀವು ಜನರನ್ನು ಭೇಟಿಯಾಗುವ ದಿನ ನಿಮ್ಮ ಕಚೇರಿಗೆ ತರುತ್ತೇನೆ. ಹತ್ತು ನಿಮಿಷ ಸಮಯ ಕೊಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ