ಡಿಸ್ಲೆಕ್ಸಿಯಾ ಇರುವವರ ಬರಹ ಮತ್ತು ಎಐ ಪತ್ತೆ ತಂತ್ರಾಂಶ

ಮಾನ್ಯರೇ,

ಅಸೈನ್‌ಮೆಂಟ್‌ಗಳನ್ನು ಎಐ ಪತ್ತೆ ತಂತ್ರಾಂಶಕ್ಕೆ ಹಾಕಿ, ಅದು ತೋರಿಸುವ ಶೇಕಡಾವಾರು ನೋಡಿಯೇ ‘ಇದು ನೀನು ಬರೆದದ್ದಲ್ಲ’ ಎಂದು ತೀರ್ಮಾನಿಸುವ ಅಧ್ಯಾಪಕರಿದ್ದಾರೆ. ಓದು, ಕಾಗುಣಿತ ತೊಡಕಾಗುವ ಡಿಸ್ಲೆಕ್ಸಿಯಾ ಇರುವವರಿಗೆ ಕಲಿಸುವ ನಾನು ಇದರ ಪೆಟ್ಟು ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದೇನೆ.

ನನ್ನ ಬಳಿ ಬರುವ ಬಿ.ಕಾಂ. ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ‘ನೆಸೆಸರಿ’ ಎಂದು ಬರೆಯುವುದೇ ಇಲ್ಲ. ಅದರಲ್ಲಿ ಎಷ್ಟು ‘ಸಿ’, ಎಷ್ಟು ‘ಎಸ್’ ಎಂಬ ಗೊಂದಲವೇ ಬೇಡವೆಂದು ‘ನೀಡ್’ ಹಾಕಿ ಮುಂದೆ ಹೋಗುತ್ತಾನೆ. ಪ್ರತಿ ಪ್ಯಾರಾವನ್ನೂ ಒಂದೇ ಅಚ್ಚಿನ ವಾಕ್ಯದಿಂದ ಶುರುಮಾಡುತ್ತಾನೆ. ಹಾಗೆ ಕಲಿಸಿದವರು ನಾವೇ. ಕೊನೆಗೆ ವ್ಯಾಕರಣ ತಿದ್ದುವ ಆ್ಯಪ್ ಉಳಿದ ಅಂಕುಡೊಂಕುಗಳನ್ನೂ ಸರಿಮಾಡುತ್ತದೆ. ಹಲವು ಎಐ ಪತ್ತೆ ತಂತ್ರಾಂಶಗಳು ಅಳೆಯುವುದು ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು, ವಾಕ್ಯಗಳು ಎಷ್ಟು ಏರಿಳಿಯುತ್ತವೆ ಎಂಬುದನ್ನು. ಅವನ ಬರಹ ಎರಡರಲ್ಲೂ ಸಿಕ್ಕಿಬೀಳುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟಾಗ ಸರಾಸರಿ ಶೇ 61ರಷ್ಟು ಎಐ ಬರಹವೆಂದು ತಪ್ಪಾಗಿ ಗುರುತಾದವು. ಪದಸಂಪತ್ತು ಸೀಮಿತವಾಗಿರುವುದೇ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. ನಮ್ಮ ಹುಡುಗನಿಗೆ ಆ ತೊಡಕಿನ ಮೇಲೆ ಡಿಸ್ಲೆಕ್ಸಿಯಾ ಬೇರೆ.

‘ಹಾಗಾದರೆ ಬರಹ ಹಂತಹಂತವಾಗಿ ಬೆಳೆದದ್ದನ್ನು ದಾಖಲಿಸುವ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ ತೋರಿಸಲಿ’ ಎನ್ನುತ್ತಾರೆ. ಒಳ್ಳೆಯ ದಾರಿಯೇ. ಆದರೆ ಅವನು ಫೋನಿಗೆ ಬಾಯಲ್ಲಿ ಹೇಳಿ, ಅಕ್ಷರವಾದದ್ದನ್ನು ಕಾಪಿ ಮಾಡಿ ಅಂಟಿಸುತ್ತಾನೆ. ಹಿಸ್ಟರಿಯಲ್ಲಿ ನಾನೂರು ಪದ ಒಮ್ಮೆಗೇ ಬಂದು ಕೂತಂತೆ ಕಾಣುತ್ತದೆ, ಸಂಶಯ ಇನ್ನೂ ಬಲವಾಗುತ್ತದೆ. ಹಾಗಾಗಿ ಡಾಕ್ಸ್‌ನ ಒಳಗೇ ಧ್ವನಿ ಟೈಪಿಂಗ್ ಬಳಸುವುದು ಮೇಲು. ಆಗದಿದ್ದರೆ ಮಾತಿನ ಧ್ವನಿಮುದ್ರಣ, ತಿದ್ದುವ ಮೊದಲಿನ ಪಠ್ಯ, ಕೈಬರಹದ ಟಿಪ್ಪಣಿಯ ಫೋಟೊ, ಈ ಮೂರನ್ನು ದಿನಾಂಕದೊಂದಿಗೆ ಒಂದು ಫೋಲ್ಡರಿನಲ್ಲಿಟ್ಟರೆ ಸಾಕು. ತಿದ್ದದ ಪಠ್ಯವೇ ಬಹುಪಾಲು ಮಾತನಾಡುತ್ತದೆ: ಧ್ವನಿಯಿಂದ ಬಂದ ವಿಚಿತ್ರ ತಪ್ಪುಗಳು, ಅರ್ಧಕ್ಕೆ ನಿಂತ ವಾಕ್ಯಗಳು ಅಲ್ಲಿ ಹಾಗೆಯೇ ಇರುತ್ತವೆ.

ಮೌಖಿಕ ಪರೀಕ್ಷೆಯಿಂದ ಎಲ್ಲವೂ ತಿಳಿಯುತ್ತದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಗೊತ್ತಿರುವ ಪದವೇ ಬಾಯಿಗೆ ತಕ್ಷಣ ಬರದೆ ಇವರಲ್ಲಿ ಹಲವರು ತಡವರಿಸುತ್ತಾರೆ. ಪ್ರಶ್ನೆಗಳನ್ನು ಬರೆದು ಮೊದಲೇ ಕೊಡಲಿ, ಅವನದೇ ಕರಡನ್ನು ಮುಂದಿಟ್ಟು ‘ಈ ಸಾಲನ್ನು ಇಲ್ಲಿಂದ ಅಲ್ಲಿಗೆ ಏಕೆ ಒಯ್ದೆ?’ ಎಂದು ಕೇಳಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯವೆಂದು ಗುರುತಿಸಿದೆ. ಹಾಗೆಂದು ಪ್ರತಿ ಅಧ್ಯಾಪಕರ ಮುಂದೆ ವೈದ್ಯಕೀಯ ಪ್ರಮಾಣಪತ್ರ ಹಿಡಿದು ನಿಲ್ಲಿಸಬೇಕಿಲ್ಲ. ಅದು ಪ್ರಾಂಶುಪಾಲರ ಕಚೇರಿಯಲ್ಲಿರಲಿ. ಅಧ್ಯಾಪಕರಿಗೆ ‘ಧ್ವನಿ ಟೈಪಿಂಗ್, ಕಾಗುಣಿತ ಮತ್ತು ವ್ಯಾಕರಣ ತಿದ್ದುಪಡಿಗೆ ಅನುಮತಿ ಇದೆ’ ಎಂಬ ಒಂದು ಸಾಲಿನ ಪತ್ರ ಸಾಲದೇ? ವಿಶ್ವವಿದ್ಯಾಲಯಗಳು ಈ ಪತ್ರದ ನಮೂನೆಯನ್ನು ಸೆಮಿಸ್ಟರ್ ಆರಂಭದಲ್ಲೇ ಹೊರಡಿಸಲಿ. ಆರೋಪ ಬಂದ ಮೇಲೆ ತಂದ ಪತ್ರವನ್ನು ನೆಪವೆಂದೇ ಓದುತ್ತಾರೆ.

– ಒಬ್ಬ ವಿಶೇಷ ಶಿಕ್ಷಕಿ, ಮೈಸೂರು