ಸಾಲ ನನ್ನದು, ಫೋನು ಅತ್ತಿಗೆಗೆ

ಮಾನ್ಯ ಸಂಪಾದಕರೇ,

ಆ್ಯಪ್‌ನಲ್ಲಿ ಪಡೆದ ಎಂಟು ಸಾವಿರ ರೂಪಾಯಿ ಸಾಲದ ಒಂದು ಕಂತು ತಪ್ಪಿತು. ವಸೂಲಿಯವನು ರಾತ್ರಿ ಒಂಬತ್ತಕ್ಕೆ ಗದಗಿನಲ್ಲಿರುವ ನಮ್ಮ ಅತ್ತಿಗೆಗೆ ಫೋನ್ ಮಾಡಿ, ‘ನಿಮ್ಮ ಮೈದುನ ಕಳ್ಳ’ ಎಂದ. ಅವರೇನು ಜಾಮೀನು ಹಾಕಿದವರೂ ಅಲ್ಲ. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ಸುತ್ತೋಲೆಯಂತೆ ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೇ ಕರೆ ಮಾಡುವಂತಿಲ್ಲ. ಮನೆಯವರು, ಗೆಳೆಯರನ್ನು ಕಾಡುವಂತೆಯೂ ಇಲ್ಲ. ಫೋನಿನಲ್ಲಿರುವ ನಂಬರುಗಳ ಪಟ್ಟಿಗೆ ಆ್ಯಪ್ ಕೈಹಾಕುವುದೇ ತಪ್ಪು. (ಅನುಮತಿ ಕೇಳಿದಾಗ ನಾನು ಓದದೇ ಒತ್ತಿದ್ದೆ, ನಿಜ.) ಕರೆ ಬಂದ ಸಮಯದ ಸ್ಕ್ರೀನ್‌ಶಾಟ್ ಲಗತ್ತಿಸಿ ಸಾಲ ಕೊಟ್ಟ ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇನೆ. 30 ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರುತ್ತೇನೆ. ಕಂತು ನಾನು ಕಟ್ಟುತ್ತೇನೆ. ಅತ್ತಿಗೆಯ ಕ್ಷಮೆ ಅವನು ಕೇಳಲಿ.

– ಒಬ್ಬ ಓದುಗ, ಹುಬ್ಬಳ್ಳಿ