ಮಂಜನಿಗೆ, ಹುಣ್ಣಿಮೆಗೆ ಮೊದಲು

ಮಸ್ಕತ್, ಶುಕ್ರವಾರ ಬೆಳಗ್ಗೆ

ಪ್ರೀತಿಯ ಮಂಜ,

ನಾನಿಲ್ಲಿ ಆರಾಮಾಗಿದ್ದೇನೆ. ಅಮ್ಮನಿಗೂ ಮಾವನಿಗೂ ಹಾಗಂತ ಹೇಳು. ಮಿಕ್ಕಿದ್ದು ನಿನಗೆ. ಓದಿದ ಮೇಲೆ ತಂಗಿಗೂ ತೋರಿಸಿದರೆ ಒಳ್ಳೆಯದು. ಫೋನಿನಲ್ಲಿ ಹೇಳಿದರೆ ನೀನು "ಆಯ್ತು ಬಿಡೋ" ಅಂತ ನಕ್ಕು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಹೆಂಡತಿಯ ಅಣ್ಣ ಬುದ್ಧಿ ಹೇಳೋಕೆ ಬಂದ ಅಂದುಕೊಳ್ಳಬೇಡ. ದಲಾಲಿ ಅಂಗಡಿಯಲ್ಲಿ ಎಂಟು ವರ್ಷ ನಿನ್ನ ಪಕ್ಕದಲ್ಲೇ ಕೂತು ಮೆಕ್ಕೆಜೋಳದ ಪಟ್ಟಿ ಬರೆದವನು ಬರೆಯುತ್ತಿದ್ದಾನೆ ಅಂದುಕೋ.

ದುಗ್ಗಮ್ಮನ ಹಬ್ಬದ ರಾತ್ರಿ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಹಬ್ಬ, ಮನೆ ತುಂಬಾ ನೆಂಟರು, ಬಾಡೂಟ. ಕುಡಿಯೋರು ನೀನೊಬ್ಬನೇ ಏನಲ್ಲ. ಆದರೆ ನೀನು ಶಾಮಿಯಾನದ ಹಿಂದೆ ಅಂಗಾತ ಬಿದ್ದಿದ್ದೆ. ಕರೆದರೆ ಓಗೊಡಲಿಲ್ಲ. ಬಾಯಿಂದ ವಾಂತಿ ಬರುತ್ತಿತ್ತು, ಗಂಟಲಲ್ಲಿ ಗೊರಗೊರ ಸದ್ದು. ನಿಮ್ಮ ದೊಡ್ಡಪ್ಪ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ತಂದು ಬಾಯಿಗೆ ಹೊಯ್ಯೋಕೆ ಬಂದರು. ನಾನು ಲೋಟ ಕಿತ್ತುಕೊಂಡೆ. ಪಾಪ, ಅವರಿಗೆ ಇನ್ನೂ ಸಿಟ್ಟಿದೆ. ಎಚ್ಚರ ಇಲ್ಲದವನ ಬಾಯಿಗೆ ಏನು ಹೊಯ್ದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಿನ್ನನ್ನು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಬೆನ್ನಿಗೆ ದಿಂಬು ಒತ್ತಿ, ರಾತ್ರಿಯೆಲ್ಲ ಉಸಿರು ನೋಡುತ್ತಾ ಕೂತಿದ್ದೆ. ಆಗಲೇ ಆಸ್ಪತ್ರೆಗೆ ಒಯ್ಯಬೇಕಿತ್ತು. ನೆಂಟರ ಮುಂದೆ ಮರ್ಯಾದೆ ಅಂತ ಸುಮ್ಮನಾದೆ. ಅದು ನನ್ನ ತಪ್ಪು.

ನನಗೆ ನಿಜವಾಗಿ ಭಯ ಆಗಿದ್ದು ಆ ರಾತ್ರಿ ಅಲ್ಲ, ಮಾರನೇ ಬೆಳಗ್ಗೆ. ತಂಗಿ ನಿನಗೆ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟಳು. ಬಸಿ ನಿನ್ನ ಕೈಯಲ್ಲಿ ಟಕಟಕ ಅಂತ ಬಡಿದುಕೊಂಡಿತು, ಚಹಾ ಪಂಚೆ ಮೇಲೆ ಚೆಲ್ಲಿತು. ಫೆಬ್ರವರಿ ಬೆಳಗ್ಗೆಯಲ್ಲೂ ಹಣೆ ತುಂಬಾ ಬೆವರು. ನೀನೆದ್ದು ನೀರಿನ ಟ್ಯಾಂಕಿನ ಹಿಂದೆ ಹೋದೆ. ಕಾಲು ಗಂಟೆ ಬಿಟ್ಟು ಬಂದಾಗ ಕೈ ನೆಟ್ಟಗಿತ್ತು. ಶಾಮಿಯಾನದವನ ರಸೀದಿಗೆ ನೀನೇ ಸೈನು ಹಾಕಿದೆ, ಚೆಂದಾಗಿ. ಟ್ಯಾಂಕಿನ ಹಿಂದೆ ಬಿದ್ದಿದ್ದ ಟೆಟ್ರಾ ಪ್ಯಾಕನ್ನು ಆಮೇಲೆ ನಾನೇ ಎತ್ತಿ ಹಾಕಿದೆ.

ಕುಡಿದಾಗ ಕೈ ನಡುಗಿದರೆ ಅದು ಅಮಲು. ಕುಡಿಯದಿದ್ದಾಗ ನಡುಗಿ, ಕುಡಿದ ಮೇಲೆ ನಿಂತರೆ ಅದು ಬೇರೆ ಕಥೆ. ಮೈಗೆ ಅದು ರೂಢಿಯಾಗಿಬಿಟ್ಟಿದೆ ಅಂತ ಲೆಕ್ಕ.

ನಿನ್ನೆ ತಂಗಿ ಫೋನು ಮಾಡಿ, ಬರೋ ಹುಣ್ಣಿಮೆಗೆ ನಿನ್ನನ್ನು ಉಚ್ಚಂಗಿದುರ್ಗಕ್ಕೆ ಕರೆದುಕೊಂಡು ಹೋಗಿ ದೇವಿ ಮುಂದೆ ಆಣೆ ಮಾಡಿಸುತ್ತಾರೆ ಅಂದಳು. ಅವತ್ತಿನಿಂದ ಒಂದು ಹನಿಯೂ ಮುಟ್ಟುವುದಿಲ್ಲ ಅಂತ ನೀನೂ ಒಪ್ಪಿದ್ದೀಯಂತೆ. ಎಲ್ಲರಿಗೂ ಖುಷಿ. ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಂದರೆ, ಅಪ್ಪನೂ ಹಿಂಗೇ ಆಣೆ ಮಾಡಿದ್ದು. ನಾವಾಗ ಐದನೇ ಕ್ಲಾಸು. ಮಿಲ್ಲು ಮುಚ್ಚಿದ ಮೇಲೆ ಅವನ ಕುಡಿತ ಜಾಸ್ತಿಯಾಗಿತ್ತು. ಆಣೆ ಮಾಡಿದ ದಿನವೇ ಸಂಜೆ ಕೈ ನಡುಕ, ವಾಕರಿಕೆ. ರಾತ್ರಿ ಕಣ್ಣು ಮುಚ್ಚಲಿಲ್ಲ. ಮಾರನೇ ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಫಿಟ್ಸ್ ಬಂತು, ನಾಲಿಗೆ ಕಚ್ಚಿಕೊಂಡ. ಕೈಗೆ ಕಬ್ಬಿಣದ ಬೀಗದಕೈ ಕೊಟ್ಟರು. ಮೂರನೇ ದಿನ ಗೋಡೆ ಮೇಲೆ ಇರುವೆ ಸಾಲು ಹೊರಟಿದೆ ಅಂತ ಒರೆಸುತ್ತಾ ಕೂತ. ನನ್ನನ್ನು ನೋಡಿ "ಯಾವ ಊರಪ್ಪಾ ನಿಂದು?" ಅಂದ. ಗಾಳಿ ಸೋಕಿದೆ ಅಂತ ಅಜ್ಜಿ ಯಂತ್ರ ಕಟ್ಟಿಸಿದಳು. ನಾಲ್ಕನೇ ದಿನ ಮೈ ಕೆಂಡ, ಎದೆ ಡವಡವ. ಆಗ ಆಸ್ಪತ್ರೆ ನೆನಪಾಯಿತು. ಇನ್ನೊಂದು ರಾತ್ರಿ ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದ್ದು ಅಮ್ಮನಿಗೆ ಈಗಲೂ ನೆನಪಿದೆ.

ಅದು ದೆವ್ವವೂ ಅಲ್ಲ, ಆಣೆ ತಪ್ಪಿದ ಶಾಪವೂ ಅಲ್ಲ. ಹೆಂಡ ಮೆದುಳನ್ನು ಮಂಕು ಮಾಡುತ್ತೆ. ದಿನಾ ಕುಡಿದರೆ ಮೆದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಂಡು ಕೂತಿರುತ್ತೆ. ಏಕಾಏಕಿ ಬಿಟ್ಟರೆ ಹಿಡಿದಿಟ್ಟ ಬ್ರೇಕು ಹೋಗಿ, ವೇಗ ಮಾತ್ರ ಉಳಿಯುತ್ತೆ. ಕೊನೇ ಗುಟುಕು ಕುಡಿದ ಆರೆಂಟು ಗಂಟೆಗೇ ನಡುಕ, ಬೆವರು ಶುರು. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಭ್ರಮೆ, ಜ್ವರ, ಊರು ದಿನ ತಿಳಿಯದಿರುವುದು ಎರಡರಿಂದ ನಾಲ್ಕನೇ ದಿನದಲ್ಲಿ. ಅಪ್ಪನಿಗೆ ಇದೇ ಲೆಕ್ಕದಲ್ಲಿ ಬಂತು ನೋಡು. ಕುಡಿಯೋರಿಗೆಲ್ಲ ಹಿಂಗಾಗುವುದಿಲ್ಲ. ಬೆಳಗ್ಗೆ ಬಸಿ ಬಡಿಯೋರಿಗೆ ಆಗುವ ಸಾಧ್ಯತೆ ಜಾಸ್ತಿ.

ಹಾಗಂತ ಬಿಡಬೇಡ ಅಂತಿಲ್ಲ ಮಾರಾಯ. ಬಿಡು, ಆದರೆ ಡಾಕ್ಟರ ಕೈಯಲ್ಲಿ ಬಿಡು. ಹುಣ್ಣಿಮೆಗೆ ಮೊದಲೇ ಚಿಗಟೇರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗು. ಆ ಬೋರ್ಡು ನೋಡಿ ನಾಚಬೇಡ, ಕುಡಿತ ಬಿಡಿಸುವ ಡಾಕ್ಟರು ಕೂರೋದು ಅಲ್ಲೇ. ಅಲ್ಲಿಗೆ ಹೋಗುವತನಕ ಒಮ್ಮೆಗೇ ನಿಲ್ಲಿಸಬೇಡ, ಗಾಡಿ ಮಾತ್ರ ಮುಟ್ಟಬೇಡ. ದಿನಕ್ಕೆ ಎಷ್ಟು ಅಂತ ಕೇಳುತ್ತಾರೆ. "ಅಪರೂಪಕ್ಕೆ ಒಂದು ನೈಂಟಿ ಸಾರ್" ಅನ್ನಬೇಡ. ಆ ಸುಳ್ಳಿಗೆ ತಕ್ಕಂತೆ ಔಷಧಿ ಕೊಟ್ಟರೆ ಫಿಟ್ಸ್ ನಿನಗೇ ಬರುವುದು. ನಾಲ್ಕು ಪ್ಯಾಕಾದರೆ ನಾಲ್ಕು ಅನ್ನು. ಬೆಳಗ್ಗೆ ನಡುಕ ಬರುತ್ತೆ ಅಂತಲೂ ಹೇಳು. ಅವರು ಮೆದುಳನ್ನು ತಣ್ಣಗೆ ಮಾಡುವ ಮಾತ್ರೆ ಕೊಟ್ಟು, ದಿನ ದಿನಕ್ಕೆ ಡೋಸು ಇಳಿಸಿಕೊಂಡು ಬರುತ್ತಾರೆ. ಸುಮಾರು ಒಂದು ವಾರದ ಕೆಲಸ. ಜೊತೆಗೆ ಬಿ-1 ವಿಟಮಿನ್ ಇಂಜೆಕ್ಷನ್. ಕುಡಿಯೋರಲ್ಲಿ ಅದು ಬರಿದಾಗಿರುತ್ತೆ. ಮೂಲೆ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಂಡು ಬಂದರೆ ಸಾಲದು. ಹೋಗೋಕೆ ಧೈರ್ಯ ಬರದಿದ್ದರೆ ಮೊದಲು 14416ಕ್ಕೆ ಫೋನು ಮಾಡು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಮಾತು, ಇದು ತಂಗಿಗೆ. ಯಾರೋ ನೆಂಟರು ಸಾರಿಗೆ ಗೊತ್ತಾಗದ ಹಾಗೆ ಹಾಕೋ ಮಾತ್ರೆ ಕೊಡುತ್ತೇನೆ ಅಂದರಂತೆ. ಅದು ಡೈಸಲ್ಫಿರಾಂ ಆಗಿದ್ದು, ತಿಳಿಯದೆ ತಿಂದು ಇವನು ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತೆ, ಜೀವಕ್ಕೇ ಬರಬಹುದು. ಕುಡಿಯೋನಿಗೆ ಹೇಳಿ, ಒಪ್ಪಿಸಿ, ಡಾಕ್ಟರು ಕೊಡುವ ಮಾತ್ರೆ ಅದು. ಸಾರಿಗೆ ಬೇಡವೇ ಬೇಡಮ್ಮ.

ಉಚ್ಚಂಗಿದುರ್ಗಕ್ಕೆ ಆಮೇಲೆ ಹೋಗಿ. ದೇವಿ ಎಲ್ಲಿಗೂ ಓಡಿಹೋಗುವುದಿಲ್ಲ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೂ ಎರಡು ವರ್ಷಕ್ಕೆ ಮತ್ತೆ ಶುರು ಮಾಡಿದ್ದ, ನಿನಗೆ ಗೊತ್ತು. ಎರಡನೇ ಸಲ ತಾನೇ ಚೀಲ ಹಿಡಿದು ಆಸ್ಪತ್ರೆಗೆ ಹೋದ. ಆಮೇಲೆ ಹನ್ನೊಂದು ವರ್ಷ ಮುಟ್ಟಲಿಲ್ಲ.

ಆಸ್ಪತ್ರೆಯ ಒಂದು ವಾರದ ಸಂಬಳ ಹೋದರೆ ನಾನು ಕಳಿಸುತ್ತೇನೆ. ಸಾಹುಕಾರರಿಗೆ ಕಾಮಾಲೆ ಅಂತ ಹೇಳು, ನಾನೂ ಅದನ್ನೇ ಹೇಳುತ್ತೇನೆ.

ಉತ್ತರ ನೀನೂ ಕೈಯಲ್ಲೇ ಬರಿ. ಬೆಳಗ್ಗೆ ಎದ್ದ ಕೂಡಲೇ ಬರಿ, ಟ್ಯಾಂಕಿನ ಹಿಂದೆ ಹೋಗುವ ಮೊದಲು. ಅಕ್ಷರ ಹೆಂಗಿದ್ದರೂ ನಾನು ಓದಿಕೊಳ್ಳುತ್ತೇನೆ.

ನಿನ್ನ ಪಕ್ಕದ ಕುರ್ಚಿಯವನು